ಬ್ರೇಕ್‌ಗೆ ಮುಂಚಿನ ಅರ್ಧ ನಿಮಿಷ

ಟಿವಿ ಧಾರಾವಾಹಿಯ ಒಂದು ಸಂಚಿಕೆಯ ಚಿತ್ರಕಥೆ ಹೀಗಿದೆ ಅಂದುಕೊಳ್ಳಿ. ಅಮ್ಮನ ಚಿನ್ನದ ಸರ ಕಳುವಾಗಿದೆ, ಮನೆಗೆಲಸದ ಗೌರಿಯ ಮೇಲೆ ದೂರು ಹೋಗಿದೆ. ಬಟ್ಟೆ ನೆನೆಹಾಕುವಾಗ ಮಗಳು ಸುಧಾಗೆ ಅಣ್ಣನ ಅಂಗಿಯ ಜೇಬಲ್ಲಿ ಗಿರವಿ ಚೀಟಿ ಸಿಗುತ್ತದೆ. ಅಣ್ಣನನ್ನು ಕೇಳುತ್ತಾಳೆ. ಸರ ಅಡವಿಟ್ಟದ್ದು ಅಮ್ಮನೇ, ತಮ್ಮನ ಸಾಲ ತೀರಿಸಲು ಎಂದು ಅವನು ಹೇಳಿಬಿಡುತ್ತಾನೆ. ಮುಂದಿನ ದೃಶ್ಯದಲ್ಲಿ ಇಬ್ಬರೂ ಕಾಫಿ ಕುಡಿಯುತ್ತಾರೆ. ಜಾಹೀರಾತಿನ ಬ್ರೇಕ್ ಬರುವುದು ಅಲ್ಲಿ! ನೋಡುವವರು ರಿಮೋಟ್ ಹುಡುಕದೆ ಇನ್ನೇನು ಮಾಡಿಯಾರು?

ಕತೆಯಲ್ಲಿ ದೋಷವಿಲ್ಲ. ಮೂರು ಪ್ರಶ್ನೆಗಳಿಗೆ ಒಂದೇ ಉಸಿರಲ್ಲಿ ಉತ್ತರ ಕೊಟ್ಟದ್ದೇ ತಪ್ಪು.

1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ, ಮುಗಿಸಿದ ಕೆಲಸಕ್ಕಿಂತ ನಡುವೆ ತಡೆದ ಕೆಲಸವೇ ಹೆಚ್ಚು ನೆನಪಿನಲ್ಲಿರುತ್ತದೆ ಎಂದು ಪ್ರಕಟಿಸಿದರು. ಧಾರಾವಾಹಿಯವರ ತಂತ್ರಕ್ಕೆ ಎಲ್ಲರೂ ಇದನ್ನೇ ಕಾರಣವಾಗಿ ಹೇಳುವುದುಂಟು. ಆದರೆ ಆಮೇಲಿನ ಪ್ರಯೋಗಗಳಲ್ಲಿ ಆ ನೆನಪಿನ ಲಾಭ ಪ್ರತಿಸಲವೂ ಕಾಣಲಿಲ್ಲ. ಹೆಚ್ಚು ಗಟ್ಟಿಯಾಗಿ ನಿಂತದ್ದು ಅವರ ಜೊತೆಯವರೇ ಆದ ಮಾರಿಯಾ ಓವ್ಸ್ಯಾಂಕಿನಾ ಗಮನಿಸಿದ ಸಂಗತಿ: ತಡೆದ ಕೆಲಸಕ್ಕೆ ಮತ್ತೆ ಕೈಹಾಕುವ ತುಡಿತ. ಬ್ರೇಕ್‌ಗೆ ಬೇಕಾದದ್ದೂ ಅದೇ. ಮೂರು ನಿಮಿಷ ಕತೆಯನ್ನು ನೆನಪಿಟ್ಟರೆ ಸಾಲದು, ವಾಪಸ್ ಬರಬೇಕು.

ಈಗ ಅದೇ ಕತೆಯನ್ನು ಹರಡೋಣ. ಹಾಡು, ಹಿಂದಿನ ಸಂಚಿಕೆಯ ತುಣುಕು ಕಳೆದು 22 ನಿಮಿಷ ಇದೆ ಎಂದಿಟ್ಟುಕೊಳ್ಳಿ. ಮೊದಲ ಭಾಗ 9 ನಿಮಿಷ, ಎಲ್ಲಕ್ಕಿಂತ ಉದ್ದ, ಏಕೆಂದರೆ ನೋಡುವವರು ಕತೆಯೊಳಗೆ ಇಳಿಯಲು ಹೊತ್ತು ಬೇಕು. ಗೌರಿ ಅಳುವುದನ್ನು ಇಲ್ಲೇ ತೋರಿಸಬೇಕು, ಇಲ್ಲವಾದರೆ ಚೀಟಿಗೆ ಬೆಲೆಯಿಲ್ಲ. ಕೊನೆಗೆ ಜೇಬಿನಿಂದ ಚೀಟಿ ಬರುತ್ತದೆ. ಸುಧಾ ಓದುತ್ತಾಳೆ, ಬಾಗಿಲಲ್ಲಿ ಅಣ್ಣ. ಬ್ರೇಕ್. ಕದ್ದವನು ಇವನೇನಾ?

ಎರಡನೆಯ ಭಾಗ 7 ನಿಮಿಷ. ಇಲ್ಲಿ ಉತ್ತರ ಕೊಡಲೇಬೇಕು. ಜಗಳದ ತುದಿಯಲ್ಲಿ ಅಣ್ಣ, “ಕೆಳಗಿನ ಸಹಿ ನೋಡೇ” ಎನ್ನುತ್ತಾನೆ. ಅಮ್ಮನ ಸಹಿ. ಮೊದಲ ಪ್ರಶ್ನೆ ಮುಚ್ಚಿತು, ಅದಕ್ಕಿಂತ ದೊಡ್ಡದು ತೆರೆಯಿತು: ಹಾಗಾದರೆ ಅಮ್ಮ ದೂರು ಕೊಟ್ಟದ್ದೇಕೆ? ಉಳಿದ 6 ನಿಮಿಷದಲ್ಲಿ ಅಮ್ಮ ಬಾಯಿ ಬಿಡುತ್ತಾಳೆ. ದೂರು ಹಿಂಪಡೆಯಲು ಹೊರಡುವಷ್ಟರಲ್ಲಿ ಬೀದಿಯಲ್ಲಿ ಗೌರಿಯನ್ನು ಜೀಪ್ ಹತ್ತಿಸುತ್ತಿದ್ದಾರೆ. ಅದು ನಾಳೆಗೆ.

ಹೊಸದಾಗಿ ಒಂದು ಘಟನೆಯನ್ನೂ ಸೇರಿಸಿಲ್ಲ ಎನ್ನಲಾರೆ, ಜೀಪ್ ಸೇರಿಸಿದೆ. ಉಳಿದದ್ದೆಲ್ಲ ಇದ್ದದ್ದೇ.

ಬ್ರೇಕ್ ಮುಗಿದ ಕೂಡಲೇ ಪ್ರಶ್ನೆಯನ್ನು ಒಂದು ಮಾತಿನಲ್ಲಿ ನೆನಪಿಸಬೇಕು. “ಇದು ನಿನ್ನ ಜೇಬಲ್ಲಿ ಹೇಗೆ ಬಂತು?” ಎಂದರೆ ಸಾಕು, ಅಡುಗೆಮನೆಯಿಂದ ಈಗಷ್ಟೇ ಬಂದವರಿಗೂ ಎಳೆ ಸಿಗುತ್ತದೆ. ಇದೇ ಸಂಚಿಕೆಯನ್ನು ಜಾಹೀರಾತಿಲ್ಲದೆ ಮೊಬೈಲ್‌ನಲ್ಲಿ ನೋಡುವವರಿಗೆ ಮಾತ್ರ ಆ ಮಾತು ಎಡವಿದಂತೆ ಕೇಳಿಸುತ್ತದೆ.

ಕಡಿದ ಜಾಗ ಸರಿಯೋ ಎಂದು ತಿಳಿಯಲು ಅಲ್ಲಿಯವರೆಗೆ ಯಾರಿಗಾದರೂ ಓದಿ ಹೇಳಿ, ನಿಲ್ಲಿಸಿ. “ಆಮೇಲೆ?” ಎಂದಷ್ಟೇ ಕೇಳಿದರೆ ಅದು ಸೌಜನ್ಯ. “ಅಣ್ಣನೇ ಕದ್ದನಾ?” ಎಂದು ಕೇಳಿದರೆ ಜಾಗ ಸರಿಯಿದೆ. ಬಾಗಿಲು ದಡದಡ ಬಡಿದು, ಬ್ರೇಕ್ ಆದಮೇಲೆ ನೋಡಿದರೆ ಹಾಲಿನವನು ಎನ್ನುವ ಆಟ ಒಂದು ಸಲ ನಡೆಯುತ್ತದೆ. ಮೂರನೆಯ ಸಲ ಬಾಗಿಲು ಬಡಿದಾಗ ಹಾಲಿನವನೇ ಇರಬೇಕು ಎಂದು ಎದ್ದು ಹೋಗುತ್ತಾರೆ, ಅವತ್ತು ನಿಜವಾಗಿಯೂ ಪೊಲೀಸರೇ ಬಂದಿದ್ದರೂ.