ಲಾಕ್ ಹಾಕಿದರೂ ವಿಡಿಯೊ ಅಡ್ಡ ಬರುವುದು ಏಕೆ?

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ಮೇಲಿನಿಂದ ಶೂಟ್ ಮಾಡಿ ನನಗೆ ಕಳಿಸಿದ್ದರು. ರೀಲ್ಸ್‌ಗೆ ಅಂತ ಫೋನನ್ನು ಉದ್ದಕ್ಕೇ ಹಿಡಿದಿದ್ದರು. ಕ್ಲಿಪ್ ಮಾತ್ರ ಅಡ್ಡ ಬಂದಿತ್ತು. ‘ಲಾಕ್ ಹಾಕಿದ್ದೆನಲ್ಲಾ ಸಾರ್, ಮತ್ತೆ ಹೀಗ್ಯಾಕೆ?’ ಎಂದು ಕೇಳಿದರು.

ಆಂಡ್ರಾಯ್ಡ್‌ನಲ್ಲಿ Auto rotate ಆಫ್ ಮಾಡುವುದು, ಐಫೋನ್‌ನಲ್ಲಿ ಬೀಗದ ಗುರುತು ಒತ್ತುವುದು, ಇವೆರಡೂ ತಡೆಯುವುದು ಪರದೆ ತಿರುಗುವುದನ್ನು. ಹೆಚ್ಚಿನ ಫೋನುಗಳಲ್ಲಿ ಕ್ಯಾಮೆರಾ ಆ್ಯಪ್ ಈ ಲಾಕನ್ನು ನೋಡುವುದೇ ಇಲ್ಲ. ಭೂಮಿಯ ಸೆಳೆತ ಯಾವ ಕಡೆಗಿದೆ ಅಂತ ಫೋನಿನೊಳಗಿನ ಸೆನ್ಸರ್ ಹೇಳುತ್ತದೆ. ರೆಕಾರ್ಡ್ ಒತ್ತಿದ ಕ್ಷಣದಲ್ಲಿ ಅದು ಹೇಳಿದ್ದೇ ಆ ಕ್ಲಿಪ್ಪಿನ ದಿಕ್ಕು. ಕೆಳಮುಖವಾಗಿ ಹಿಡಿದಾಗ ಉದ್ದ ಯಾವುದು, ಅಡ್ಡ ಯಾವುದು ಅಂತ ಸೆನ್ಸರ್‌ಗೆ ತಿಳಿಯುವುದಿಲ್ಲ. ಅವರಿಗೆ ಆದದ್ದು ಅದೇ.

ಅದಕ್ಕೆ ಮೊದಲು ಫೋನನ್ನು ಎದೆಯ ಮಟ್ಟದಲ್ಲಿ ನೆಟ್ಟಗೆ ಹಿಡಿಯಿರಿ. ಫ್ಲ್ಯಾಶ್, ಟೈಮರ್ ಗುರುತುಗಳು ನೆಟ್ಟಗಿವೆಯಾ ನೋಡಿ. ಆಮೇಲೆ ರೆಕಾರ್ಡ್ ಒತ್ತಿ, ನಿಧಾನವಾಗಿ ಕಣದ ಕಡೆ ಬಾಗಿಸಿ. ಶುರುವಾದ ಮೇಲೆ ದಿಕ್ಕು ಬದಲಾಗುವುದಿಲ್ಲ. ಮೊದಲ ಎರಡು ಸೆಕೆಂಡ್ ಕತ್ತರಿಸಿದರೆ ಸಾಕು.

ಅವರ ಕ್ಲಿಪ್ ಹಾಳಾಗಿರಲಿಲ್ಲ. ಗ್ಯಾಲರಿಯ ಎಡಿಟ್‌ನಲ್ಲಿ ಒಮ್ಮೆ ತಿರುಗಿಸಿದೆವು, 1080 × 1920 ಪೂರ್ತಿ ಸಿಕ್ಕಿತು. ಫೋನನ್ನೇ ಅಡ್ಡ ಹಿಡಿದು ತೆಗೆದಿದ್ದರೆ ಕಥೆ ಬೇರೆ. ಆಗ ಉದ್ದದ ಚೌಕಟ್ಟಿಗೆ ಕತ್ತರಿಸಬೇಕು. ಉಳಿಯುವ ಅಗಲ ಸುಮಾರು 608 ಪಿಕ್ಸೆಲ್, ಚಿತ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಇನ್ನು ಗ್ರಿಡ್, ಅಂದರೆ ಕ್ಯಾಮೆರಾ ಪರದೆಯ ಮೇಲೆ ಕಾಣುವ ಅಡ್ಡ, ಉದ್ದ ಗೆರೆಗಳು. ಐಫೋನ್‌ನಲ್ಲಿ Settings ಒಳಗೆ Camera, ಅಲ್ಲಿ Grid. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾದ ಸೆಟ್ಟಿಂಗ್ಸ್ ಒಳಗೇ ಇರುತ್ತದೆ. ಈ ಗೆರೆಗಳು ವಿಡಿಯೊದಲ್ಲಿ ಮೂಡುವುದಿಲ್ಲ. ಅಡ್ಡ ಗೆರೆಯನ್ನು ನೆಲಕ್ಕೆ ಹೊಂದಿಸಿ ಅಂತ ಎಲ್ಲರೂ ಹೇಳುತ್ತಾರೆ. ಕೊಡಗಿನಲ್ಲಿ ಸಮನಾದ ನೆಲ ಎಲ್ಲಿದೆ? ಇಳಿಜಾರಿಗೆ ಗೆರೆ ಹೊಂದಿಸಿದರೆ ಮರ, ಮನೆ ಎಲ್ಲ ವಾಲುತ್ತವೆ. ತೋಟದಲ್ಲಿ ಸಿಲ್ವರ್ ಓಕ್ ಮರ ಹುಡುಕಿ, ಅದರ ನೇರ ಕಾಂಡಕ್ಕೆ ಉದ್ದ ಗೆರೆ ಹೊಂದಿಸಿ. ನಾನು ಮೊದಲು ನೋಡುವುದೇ ಅದನ್ನು.

ಒಂದು ಎಚ್ಚರಿಕೆ. ಮೆಣಸಿನ ಬಳ್ಳಿಯ ತುದಿ ತೋರಿಸಲು ಫೋನನ್ನು ಮೇಲಕ್ಕೆ ಬಾಗಿಸಿದರೆ ಎರಡೂ ಬದಿಯ ಮರಗಳು ಒಳಕ್ಕೆ ಬಾಗಿದಂತೆ ಕಾಣುತ್ತವೆ. ಆಗ ಒಂದೇ ಮರವನ್ನು ನಂಬಬೇಡಿ. ಎಡದ ಮರವೂ ಬಲದ ಮರವೂ ಒಂದೇ ಅಳತೆಯಲ್ಲಿ ಬಾಗಿದ್ದರೆ ಫೋನ್ ನೆಟ್ಟಗಿದೆ. ಒಂದೇ ಕಡೆ ಜಾಸ್ತಿ ವಾಲಿದ್ದರೆ ಕೈ ಓರೆಯಾಗಿದೆ.

ಮಾತಾಡುವವರಿದ್ದರೆ ಅವರ ಕಣ್ಣು ಮೇಲಿನ ಅಡ್ಡ ಗೆರೆಯ ಹತ್ತಿರ ಇರಲಿ. ಕೆಳಗಿನ ಭಾಗದ ಮೇಲೆ ರೀಲ್ಸ್‌ನ ಹೆಸರು, ಬರಹ ಬಂದು ಕೂರುತ್ತವೆ, ಬಲ ಅಂಚಿನಲ್ಲಿ ಲೈಕ್ ಬಟನ್‌ಗಳು. ಕೈಯಲ್ಲಿ ಹಿಡಿದ ಕಾಫಿ ಹಣ್ಣು ತೋರಿಸುವುದಿದ್ದರೆ ನಡುವಿನ ಚೌಕದಲ್ಲೇ ಹಿಡಿಯಲು ಹೇಳಿ.