ಗ್ರೈಂಡಿಂಗ್ ಯಂತ್ರದ ಒಂದು ನಿಮಿಷದ ಬೆಲೆ

ಬಾಡಿಗೆ, ಸೂಪರ್‌ವೈಸರ್ ಸಂಬಳದಂಥ ಓವರ್‌ಹೆಡ್ ಖರ್ಚನ್ನು ಪ್ರತಿ ವಸ್ತುವಿನ ಮೇಲೂ ಹೇಗೆ ಹಂಚಬೇಕೆಂದು ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚರ್ಚ್ 1901ರಲ್ಲೇ ಲೇಖನಮಾಲೆ ಬರೆದಿದ್ದರು. ಆಗ ಖರ್ಚಿನಲ್ಲಿ ಕೂಲಿಯ ಪಾಲೂ ದೊಡ್ಡದಿತ್ತು. ಎಷ್ಟೋ ಕಡೆ ಪೀಸ್ ಲೆಕ್ಕದಲ್ಲಿ ಕೊಡುತ್ತಿದ್ದುದರಿಂದ ಉತ್ಪಾದನೆಯ ಜೊತೆಗೇ ಅದೂ ಏರಿಳಿಯುತ್ತಿತ್ತು. ಮುಂದೆ ಕೂಲಿ ತಿಂಗಳ ಸಂಬಳವಾಯಿತು, ಯಂತ್ರಗಳ ಖರ್ಚು ಬೆಳೆಯಿತು. ಹಂಚುವ ಅಭ್ಯಾಸ ಮಾತ್ರ ಉಳಿದುಕೊಂಡಿತು. ಇಸ್ರೇಲಿನ ಭೌತಶಾಸ್ತ್ರಜ್ಞ ಎಲಿಯಾಹು ಗೋಲ್ಡ್‌ರಾಟ್ 1980ರ ದಶಕದಲ್ಲಿ ಪ್ರಶ್ನಿಸಿದ್ದು ಇದನ್ನೇ. ಇಡೀ ಕಾರ್ಖಾನೆ ಎಷ್ಟು ಗಳಿಸಬಹುದೆಂದು ತೀರ್ಮಾನಿಸುವುದು ಅದರ ಅತಿ ಇಕ್ಕಟ್ಟಿನ ಜಾಗ ಎಂಬುದು ಅವರ ವಾದ. ಮಾರಾಟ ಬೆಲೆಯಲ್ಲಿ ಕಚ್ಚಾವಸ್ತುವಿನಂಥ ನೇರವಾಗಿ ಏರಿಳಿಯುವ ಖರ್ಚನ್ನು ಕಳೆದರೆ ಉಳಿಯುವುದು ಥ್ರೂಪುಟ್. ಮಿಕ್ಕಿದ್ದೆಲ್ಲ ಕಾರ್ಖಾನೆಯ ಒಟ್ಟು ಖರ್ಚು. ಅದನ್ನು ಯಾವ ವಸ್ತುವಿನ ತಲೆಗೂ ಕಟ್ಟುವುದಿಲ್ಲ.

ಉದಾಹರಣೆಗೆ, ಲೇತ್ ಒಂದು, ಗ್ರೈಂಡಿಂಗ್ ಯಂತ್ರ ಒಂದು ಇರುವ ವರ್ಕ್‌ಶಾಪ್ ಇದೆಯೆನ್ನಿ. ವಾರಕ್ಕೆ ಒಂದೊಂದೂ 2,400 ನಿಮಿಷ ಓಡಬಲ್ಲದು. ವಾರದ ಖರ್ಚು 60,000 ರೂಪಾಯಿ. ಅಲ್ಲಿ ಮಾಡುವುದು ಶಾಫ್ಟ್, ಬುಷ್ ಎಂಬ ಎರಡು ಬಿಡಿಭಾಗ, ಮೊದಲು ಲೇತ್‌ನಲ್ಲಿ, ಆಮೇಲೆ ಗ್ರೈಂಡಿಂಗ್‌ನಲ್ಲಿ. ಶಾಫ್ಟ್ ಬೆಲೆ 900, ಕಚ್ಚಾವಸ್ತು 400. ಲೇತ್‌ನಲ್ಲಿ 8 ನಿಮಿಷ, ಗ್ರೈಂಡಿಂಗ್‌ನಲ್ಲಿ 20. ಬುಷ್ ಬೆಲೆ 800, ಕಚ್ಚಾವಸ್ತು 450. ಲೇತ್‌ನಲ್ಲಿ 14, ಗ್ರೈಂಡಿಂಗ್‌ನಲ್ಲಿ 10. ಎರಡಕ್ಕೂ ವಾರಕ್ಕೆ ತಲಾ 100ರ ಬೇಡಿಕೆ.

ಖರ್ಚನ್ನು ಒಟ್ಟು 4,800 ಯಂತ್ರ-ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ 12.50 ರೂಪಾಯಿ. ಶಾಫ್ಟ್‌ಗೆ 150, ಬುಷ್‌ಗೆ 50 ಲಾಭ ಕಾಣುತ್ತದೆ. ಹಾಗಾಗಿ ಮೊದಲು 100 ಶಾಫ್ಟ್ ಮಾಡುತ್ತಾರೆ, ಉಳಿದ 400 ಗ್ರೈಂಡಿಂಗ್ ನಿಮಿಷದಲ್ಲಿ 40 ಬುಷ್. ಥ್ರೂಪುಟ್ 64,000, ಕೈಗೆ ಬಂದ ಲಾಭ 4,000. ವಸ್ತುವಾರು ಲಾಭ ಕೂಡಿದರೆ 17,000 ಬರುತ್ತಿತ್ತು. ಖಾಲಿ ಬಿದ್ದ ಯಂತ್ರ-ನಿಮಿಷಗಳ 13,000 ರೂಪಾಯಿ ಯಾವ ವಸ್ತುವಿನ ಲೆಕ್ಕಕ್ಕೂ ಸೇರಲಿಲ್ಲ.

ಪೂರ್ತಿ ಬೇಡಿಕೆಗೆ ಲೇತ್‌ನಲ್ಲಿ 2,200 ನಿಮಿಷ ಸಾಕು, ಗ್ರೈಂಡಿಂಗ್‌ನಲ್ಲಿ 3,000 ಬೇಕು. ಹಾಗಾಗಿ ಇಲ್ಲಿ ಇಕ್ಕಟ್ಟಿರುವುದು ಗ್ರೈಂಡಿಂಗ್‌ನಲ್ಲಿ. ಅದರ ಒಂದು ನಿಮಿಷಕ್ಕೆ ಶಾಫ್ಟ್ ತರುವುದು 25 ರೂಪಾಯಿ, ಬುಷ್ 35. ಮೊದಲು 100 ಬುಷ್, ಆಮೇಲೆ 70 ಶಾಫ್ಟ್ ಮಾಡಿದರೆ ಥ್ರೂಪುಟ್ 70,000, ಲಾಭ 10,000. ಯಂತ್ರ, ಜನ, ಖರ್ಚು ಯಾವುದೂ ಬದಲಾಗಿಲ್ಲ.

ನಿಜ ಹೇಳಬೇಕೆಂದರೆ, ಸೀಮಿತ ಸಂಪನ್ಮೂಲದ ಪ್ರತಿ ಗಂಟೆಗೆ ಎಷ್ಟು ಗಳಿಕೆಯೆಂದು ನೋಡುವ ಕ್ರಮ ವೆಚ್ಚ ಲೆಕ್ಕಶಾಸ್ತ್ರದ ಹಳೆಯ ಪಠ್ಯದಲ್ಲೂ ಇದೆ. ಗೋಲ್ಡ್‌ರಾಟ್ ಕೂಲಿಯನ್ನೂ ಬದಲಾಗದ ಖರ್ಚಿಗೆ ಸೇರಿಸಿದರು, ದಾಸ್ತಾನಿನ ಬಗ್ಗೆ ಇನ್ನೂ ಕಟುವಾದರು. ಅದಕ್ಕೆ ಕಾರಣವಿದೆ. ಬುಷ್ ಮೊದಲು ಮಾಡಿದ ವಾರದಲ್ಲಿ ಲೇತ್‌ಗೆ 440 ನಿಮಿಷ ಬಿಡುವು. ಅದು ಸುಮ್ಮನಿರಬಾರದೆಂದು 50 ಶಾಫ್ಟ್ ಕಡೆದಿಟ್ಟರೆ, ತಲಾ 100 ರೂಪಾಯಿ ಓವರ್‌ಹೆಡ್ ದಾಸ್ತಾನಿನ ಮೌಲ್ಯಕ್ಕೆ ಸೇರಿ ಪುಸ್ತಕದಲ್ಲಿ ಲಾಭ 5,000 ಹೆಚ್ಚುತ್ತದೆ. ಕೈಯಿಂದ ಮಾತ್ರ 20,000 ರೂಪಾಯಿ ಕಚ್ಚಾವಸ್ತುವಿಗೆ ಹೋಗಿರುತ್ತದೆ. ಲಾಭ ಏರುತ್ತ ನಗದು ಇಳಿಯುತ್ತಿದ್ದರೆ, ಗ್ರೈಂಡಿಂಗ್ ಯಂತ್ರದ ಮುಂದೆ ಬಿದ್ದಿರುವ ರಾಶಿಯನ್ನು ಎಣಿಸಿ ನೋಡಬೇಕು.

ಈ ಲೆಕ್ಕಕ್ಕೂ ಮಿತಿಯಿದೆ. ಆರ್ಡರೇ ಕಡಿಮೆಯಾಗಿ ಗ್ರೈಂಡಿಂಗ್ ಬಿಡುವಾದರೆ 25, 35ಕ್ಕೆ ಅರ್ಥವಿಲ್ಲ. ಎರಡನೇ ಪಾಳಿ ಬೇಕೆ ಎಂಬಂಥ ಪ್ರಶ್ನೆ ಬಂದಾಗ ವಾರದ 60,000 ಕೂಡ ಬದಲಾಗುತ್ತದೆ. ಇನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ದಾಸ್ತಾನಿಗೆ ಉತ್ಪಾದನಾ ಓವರ್‌ಹೆಡ್ ಸೇರಿಸಲೇಬೇಕೆಂದು ಭಾರತದ ಲೆಕ್ಕಪತ್ರ ಮಾನದಂಡ ಹೇಳುತ್ತದೆ. ಹಾಗಾಗಿ ಹಂಚಿಕೆಯ ಲೆಕ್ಕ ಆಡಿಟರ್‌ಗೆ ಇರಲಿ. ಈ ವಾರ ಯಾವುದನ್ನು ಮೊದಲು ಗ್ರೈಂಡಿಂಗ್‌ಗೆ ಹಾಕಬೇಕೆಂಬುದನ್ನು ಅದರಿಂದ ತೀರ್ಮಾನಿಸಬಾರದು.