‘ಬರುವುದಿಲ್ಲ’ ಮತ್ತು ‘ಬಂದಿಲ್ಲ’: ಗ್ರೋತ್ ಮೈಂಡ್‌ಸೆಟ್ ಎಂಬ ಪದದ ಬಗ್ಗೆ

ಮಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿರುವ ಅಕ್ಕನ ಮೊಮ್ಮಗಳ ಅಂಕಪಟ್ಟಿ ಕಳೆದ ತಿಂಗಳು ನನ್ನ ಕೈಗೆ ಬಂತು. ಕನ್ನಡ, ಗಣಿತ, ವಿಜ್ಞಾನಗಳ ಕೆಳಗೆ ಶಿಸ್ತು, ಕೈಬರಹ. ಅವುಗಳ ಕೆಳಗೆ ‘ಗ್ರೋತ್ ಮೈಂಡ್‌ಸೆಟ್’. ಅದರ ಎದುರು ‘ಸಿ’ ಎಂದು ಗ್ರೇಡ್. ಹುಡುಗಿಯ ತಂದೆ ಗಾಬರಿಯಾಗಿದ್ದ. “ಚಿಕ್ಕಮ್ಮ, ಇವಳಿಗೆ ಗ್ರೋತ್ ಮೈಂಡ್‌ಸೆಟ್ ಕಡಿಮೆಯಂತೆ. ಇದು ಹುಟ್ಟಿನಿಂದಲೇ ಹೀಗೋ, ಈಗ ಹೀಗಾದದ್ದೋ?” ಎಂದು ಕೇಳಿದ.

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಅಂಕಪಟ್ಟಿಯೇ ಅವನಿಗೆ ಹಾಗೆ ಕಲಿಸಿತ್ತು. ಎತ್ತರ, ತೂಕದ ಹಾಗೆ ಇದೂ ಮಗುವಿನೊಳಗೆ ಇಷ್ಟಿದೆ ಎಂದು ಅಳೆದು ಬರೆಯಬಹುದಾದ ಗುಣ ಎಂದು ಆ ಕಾಗದ ಹೇಳುತ್ತಿತ್ತು. ಬುದ್ಧಿ ಹುಟ್ಟಿನಿಂದ ಬಂದ ಅಳತೆಯಲ್ಲ, ಕಲಿಯುತ್ತ ಬೆಳೆಯುವಂಥದ್ದು ಎಂಬ ನಂಬಿಕೆಗೆ ಇಟ್ಟ ಹೆಸರು ಗ್ರೋತ್ ಮೈಂಡ್‌ಸೆಟ್. ಯಾವ ಎಣಿಕೆಯನ್ನು ಬಿಡಿಸಲು ಈ ಪದ ಹುಟ್ಟಿತೋ, ಅದೇ ಎಣಿಕೆಯನ್ನು ಈ ಪದದ ಹೆಸರಿನಲ್ಲಿ ಅಚ್ಚು ಹಾಕಿದ್ದಾರೆ. ಉಡುಪಿಯ ಆಸುಪಾಸಿನಲ್ಲಿ 28 ವರ್ಷ ಗಣಿತ ಕಲಿಸಿದ ನನಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ.

ಮೊದಲ ತೊಡಕು ‘ಮೈಂಡ್‌ಸೆಟ್’ ಎಂಬ ಮಾತಿನಲ್ಲೇ ಇದೆ. ಇಂಗ್ಲಿಷಿನ ‘ಸೆಟ್’ ಎಂದರೆ ಕೂತುಬಿಟ್ಟದ್ದು, ಗಟ್ಟಿಯಾದದ್ದು. ಸಿಮೆಂಟು ಸೆಟ್ ಆಯಿತು ಎಂದು ನಮ್ಮ ಗಾರೆ ಕೆಲಸದವರು ಹೇಳುತ್ತಾರಲ್ಲ, ಅದೇ ಸೆಟ್. ಬೆಳೆಯುವುದರ ಬಗ್ಗೆ ಹೇಳಲು ಗಟ್ಟಿಯಾದದ್ದರ ಹೆಸರನ್ನು ಆರಿಸಿದ್ದರಿಂದ, ಇದು ಒಬ್ಬೊಬ್ಬರ ಸ್ವಭಾವ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಕನ್ನಡದಲ್ಲಿ ‘ಬೆಳವಣಿಗೆಯ ಮನಸ್ಥಿತಿ’ ಎಂದು ಬರೆಯುವವರು ಇನ್ನಷ್ಟು ದಾರಿ ತಪ್ಪಿಸುತ್ತಾರೆ. ಮನಸ್ಥಿತಿ ಎಂದರೆ ಬೆಳಿಗ್ಗೆ ಒಂದು, ಸಂಜೆ ಒಂದು. ಹಾಗಾಗಿ ಅದು ಹುರುಪು, ಉತ್ಸಾಹ, ನಗುಮುಖ ಎಂದೆಲ್ಲ ಅರ್ಥವಾಗಿ, ಕಡೆಗೆ ಗೋಡೆಯ ಮೇಲೆ ಅಂಟಿಸುವ ಬಣ್ಣದ ಚೀಟಿಯಾಗುತ್ತದೆ.

ಈ ವಿಚಾರವನ್ನು ಬೆಳೆಸಿದ ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಮೊದಲು ಬಳಸುತ್ತಿದ್ದ ಹೆಸರು ಬೇರೆಯೇ. ಸಂಶೋಧನಾ ಲೇಖನಗಳಲ್ಲಿ ಅವರು ಇದನ್ನು ‘ಬುದ್ಧಿಯ ಬಗ್ಗೆ ಜನ ಒಳಗೊಳಗೇ ಇಟ್ಟುಕೊಂಡಿರುವ ಸಿದ್ಧಾಂತ’ ಎಂಬ ಅರ್ಥದಲ್ಲಿ ಕರೆಯುತ್ತಿದ್ದರು. ಬುದ್ಧಿ ಎನ್ನುವುದು ಇಷ್ಟೇ ಎಂದು ಅಳತೆ ಮಾಡಿ ಕೊಟ್ಟ ವಸ್ತು ಎಂಬುದು ಒಂದು ಎಣಿಕೆ; ಅದು ಸ್ವಲ್ಪ ಸ್ವಲ್ಪವಾಗಿ ಕೂಡುತ್ತ ಹೋಗುತ್ತದೆ ಎಂಬುದು ಇನ್ನೊಂದು. ‘ಮೈಂಡ್‌ಸೆಟ್’ ಎಂಬ ಚಿಕ್ಕ ಹೆಸರು ಜನಪ್ರಿಯವಾದದ್ದು 2006ರಲ್ಲಿ ಅವರು ಸಾಮಾನ್ಯ ಓದುಗರಿಗಾಗಿ ಪುಸ್ತಕ ಬರೆದ ಮೇಲೆ. ನಾನಾದರೆ ಇದನ್ನು ಕನ್ನಡದಲ್ಲಿ ‘ಎಣಿಕೆ’ ಎನ್ನುತ್ತೇನೆ. ಎಣಿಕೆ ಸ್ವಭಾವವಲ್ಲ, ಉತ್ಸಾಹವೂ ಅಲ್ಲ. ಒಂದೇ ಮಗುವಿಗೆ ಈಜಿನ ಬಗ್ಗೆ ಒಂದು ಎಣಿಕೆ, ಲೆಕ್ಕದ ಬಗ್ಗೆ ಇನ್ನೊಂದು ಎಣಿಕೆ ಇರಬಹುದು. ಅದಕ್ಕೆ ಒಟ್ಟಾರೆ ‘ಸಿ’ ಕೊಡಲು ಬರುವುದಿಲ್ಲ.

ನಮ್ಮ ಮಾತಿನಲ್ಲಿ ಈ ಎರಡು ಎಣಿಕೆಗಳೂ ಮೊದಲಿನಿಂದ ಇವೆ. ‘ತಲೆ’ ಎಂಬ ಪದ ಒಂದು ಕಡೆಯದು: ತಲೆ ಇದೆ, ತಲೆ ಇಲ್ಲ, ತಲೆಗೆ ಹತ್ತುವುದಿಲ್ಲ. ‘ಬುದ್ಧಿ’ ಇನ್ನೊಂದು ಕಡೆಯದು. ಅದು ಬರುತ್ತದೆ, ಅದನ್ನು ಕಲಿಯುತ್ತಾರೆ, ಹೇಳುತ್ತಾರೆ. ಸಂಸ್ಕೃತದಲ್ಲಿ ಅದರ ಮೂಲವಾದ ‘ಬುಧ್’ ಧಾತುವಿಗೆ ಎಚ್ಚರಗೊಳ್ಳು ಎಂಬ ಅರ್ಥವಿದೆ. ಕರಾವಳಿಯ ತರಗತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳುವ ಪದ ‘ಹುಷಾರು’. ಉಳಿದ ಕಡೆ ಹುಷಾರು ಎಂದರೆ ಹೆಚ್ಚಾಗಿ ಜಾಗ್ರತೆ, ಇಲ್ಲವೇ ಆರೋಗ್ಯ. ನಮ್ಮಲ್ಲಿ ಅದು ಜಾಣತನವೂ ಹೌದು: ‘ಅವಳು ಭಾರೀ ಹುಷಾರು, ತಮ್ಮನಿಗೆ ಅಷ್ಟಿಲ್ಲ.’ ಪಾರಸಿಯ ‘ಹೋಶಿಯಾರ್’ನಿಂದ ಬಂದ ಈ ಪದದ ಒಳಗಿರುವ ‘ಹೋಶ್’ ಕೂಡ ಎಚ್ಚರವೇ. ಎರಡು ಬೇರೆ ಬೇರೆ ಮೂಲದ ಪದಗಳು ಜಾಣತನವನ್ನು ಎಚ್ಚರದ ಜೊತೆ ಸೇರಿಸಿವೆ. ಎಚ್ಚರ ಎನ್ನುವುದು ಮನುಷ್ಯ ಇಟ್ಟುಕೊಳ್ಳುವಂಥದ್ದು, ಹುಟ್ಟುವಾಗ ತರುವಂಥದ್ದಲ್ಲ. ನಾವು ಮಾತ್ರ ಆ ಪದವನ್ನೇ ಮಗುವಿನ ಹಣೆಗೆ ಅಂಟಿಸಿ, ಹುಷಾರಿನವರ ಬೆಂಚು, ಉಳಿದವರ ಬೆಂಚು ಎಂದು ಮಾಡಿಕೊಂಡಿದ್ದೇವೆ.

ಹಾಗೆ ಅಂಟಿಸಿದರೆ ಆಗುವುದೇನು? ಕ್ಲಾಡಿಯಾ ಮ್ಯೂಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಪ್ರಶ್ನೆಯವು. ಐದನೆಯ ತರಗತಿಯ ಮಕ್ಕಳಿಗೆ ಆಕೃತಿಗಳ ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಜಾಣ ಇರಬೇಕು’ ಎಂದರು, ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಪಟ್ಟಿರಬೇಕು’ ಎಂದರು. ಆಮೇಲೆ ಕಷ್ಟದ ಒಗಟುಗಳನ್ನು ಕೊಟ್ಟು ಸೋಲುವಂತೆ ಮಾಡಿದರು. ಕಡೆಗೆ ಮತ್ತೆ ಮೊದಲಿನಷ್ಟೇ ಸುಲಭದ್ದು. ಜಾಣ ಎನಿಸಿಕೊಂಡವರು ಮೊದಲಿಗಿಂತ ಕಡಿಮೆ ಬಿಡಿಸಿದರು. ಇನ್ನೊಂದು ಗುಂಪು ಹೆಚ್ಚು ಬಿಡಿಸಿತು. ಅಂಕವನ್ನು ಬೇರೊಂದು ಮಗುವಿಗಾಗಿ ಹೆಸರಿಲ್ಲದೆ ಬರೆದಿಡಲು ಹೇಳಿದಾಗ, ಜಾಣ ಎನಿಸಿಕೊಂಡವರಲ್ಲಿ ಶೇ. 38ರಷ್ಟು ಮಕ್ಕಳು ಇದ್ದುದಕ್ಕಿಂತ ಹೆಚ್ಚು ಬರೆದರು. ಶ್ರಮದ ಹೊಗಳಿಕೆ ಪಡೆದವರಲ್ಲಿ ಶೇ. 13. ಮುಂದೆ ಚೀನಾದ ಮಕ್ಕಳ ಮೇಲೆ ಇದೇ ಬಗೆಯ ಪ್ರಯೋಗ ಮಾಡಿದವರಿಗೆ ಇಷ್ಟು ಸ್ಪಷ್ಟವಾದ ಫಲಿತಾಂಶ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಹುಷಾರು ಎನಿಸಿಕೊಂಡ ಮಗು ತಪ್ಪಾದ ಉತ್ತರಪತ್ರಿಕೆಯನ್ನು ಚೀಲದ ತಳದಲ್ಲಿ ಮುಚ್ಚಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೆಸರಿಗೆ ಕುಂದು ಬರುತ್ತದೆ ಎಂಬ ಅಂಜಿಕೆ ಅದು.

ಈ ಪ್ರಯೋಗವನ್ನು ಅರ್ಧ ಓದಿದವರು ತೆಗೆದುಕೊಂಡ ಪಾಠ, ‘ಜಾಣ ಎನ್ನಬೇಡಿ, ಚೆನ್ನಾಗಿ ಪ್ರಯತ್ನಿಸಿದೆ ಎನ್ನಿ’ ಎಂದು. ನನಗೆ ಹೆಚ್ಚು ಬೇಸರ ತರಿಸುವುದು ಇದೇ. 2015ರಲ್ಲಿ ಸ್ವತಃ ಡ್ವೆಕ್ ಇದರ ವಿರುದ್ಧ ಬರೆದರು: ಕಲಿಯದ ಮಗುವನ್ನು ಸಮಾಧಾನಪಡಿಸಲು ಶ್ರಮವನ್ನು ಹೊಗಳುವುದು ತಮ್ಮ ಮಾತಿನ ಅರ್ಥವಲ್ಲ, ಶ್ರಮ ಕಲಿಕೆಗೆ ದಾರಿ ಮಾತ್ರ ಎಂದು.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಮೂರನೆಯ ಒಂದಕ್ಕೆ ನಾಲ್ಕನೆಯ ಒಂದನ್ನು ಕೂಡಿಸು, ಅಂದರೆ 1/3 + 1/4. ನಮ್ಮ ಹುಡುಗಿ 2/7 ಎಂದು ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಹಳೆಯ ಟೀಚರ್ ಇದಕ್ಕೆ ‘ಲೆಕ್ಕ ನಿನಗಲ್ಲ ಬಿಡು, ಚಿತ್ರ ಚೆನ್ನಾಗಿ ಬರೆಯುತ್ತೀಯಲ್ಲ’ ಎನ್ನುತ್ತಿದ್ದರು. ಅವರದು ಒಳ್ಳೆಯ ಮನಸ್ಸೇ. ಆದರೆ ಇಂಥ ಸಮಾಧಾನ ಕೇಳಿದ ವಿದ್ಯಾರ್ಥಿಗಳು ಗುರುವಿಗೆ ತಮ್ಮ ಮೇಲೆ ನಿರೀಕ್ಷೆಯಿಲ್ಲ ಎಂದೇ ತಿಳಿದುಕೊಳ್ಳುತ್ತಾರೆ ಎಂದು ಡ್ವೆಕ್ ಮತ್ತು ಸಂಗಡಿಗರ 2012ರ ಅಧ್ಯಯನ ತೋರಿಸಿದೆ. ಹೊಸ ಟೀಚರ್ ಪುಸ್ತಕದಲ್ಲಿ ‘ಒಳ್ಳೆಯ ಪ್ರಯತ್ನ! ಬಿಡದೆ ಪ್ರಯತ್ನಿಸು!’ ಎಂದು ಬರೆದು ನಕ್ಷತ್ರ ಅಂಟಿಸಿದ್ದಾರೆ. ಏನನ್ನು ಪ್ರಯತ್ನಿಸುವುದು? ಅದೇ ದಾರಿಯಲ್ಲಿ ಇನ್ನೂ ಹತ್ತು ಲೆಕ್ಕ ಮಾಡಿದರೆ ಹತ್ತೂ ತಪ್ಪಾಗುತ್ತವೆ. ಆಗ ಮಗು, ಇಷ್ಟು ಶ್ರಮಪಟ್ಟರೂ ಬರಲಿಲ್ಲ, ಹಾಗಾದರೆ ನನಗೆ ತಲೆಯೇ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತದೆ. ಬರೀ ಶ್ರಮದ ಹೊಗಳಿಕೆ ಮಗುವನ್ನು ಹಳೆಯ ಎಣಿಕೆಗೇ ತಲುಪಿಸುವುದು ಹೀಗೆ.

ನಾನು ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: “2/7 ದೊಡ್ಡದೋ, 1/3 ದೊಡ್ಡದೋ?” ಸ್ವಲ್ಪ ಹೊತ್ತು ಯೋಚಿಸಿ, 1/3 ಎಂದರೆ 2/6, ಏಳು ಪಾಲಿಗಿಂತ ಆರು ಪಾಲು ಮಾಡಿದಾಗ ತುಂಡು ದೊಡ್ಡದು, ಹಾಗಾಗಿ 1/3 ದೊಡ್ಡದು ಎಂದಳು. “ಹಾಗಾದರೆ 1/3ಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಚಿಕ್ಕದಾದದ್ದು ಹೇಗೆ?” ಅವಳು ಸುಮ್ಮನಾದಳು. ಉತ್ತರ ತಪ್ಪು ಎಂದು ನಾನು ಹೇಳಲಿಲ್ಲ, ಅವಳಿಗೇ ಕಂಡಿತು. ಆಮೇಲೆ ಹನ್ನೆರಡು ಮನೆಗಳ ಕಾಗದದ ಪಟ್ಟಿ. ಮೂರರಲ್ಲೊಂದು ಪಾಲು ನಾಲ್ಕು ಮನೆ, ನಾಲ್ಕರಲ್ಲೊಂದು ಪಾಲು ಮೂರು ಮನೆ, ಒಟ್ಟು ಏಳು ಮನೆ, 7/12. ಅವಳು ಮಾಡಿ ಮುಗಿಸಿದಾಗ ಶಾಭಾಸ್ ಎನ್ನುವ ಬದಲು, “ಹನ್ನೆರಡೇ ಯಾಕೆ? ಹತ್ತು ಮನೆ ಮಾಡಿದ್ದರೆ?” ಎಂದು ಕೇಳಿದೆ. ಹತ್ತನ್ನು ಮೂರು ಪಾಲು ಮಾಡಲು ಆಗುವುದಿಲ್ಲ, ನಾಲ್ಕು ಪಾಲೂ ಆಗುವುದಿಲ್ಲ ಎಂದಳು. ಹೊಗಳಿಕೆ ಇರುವುದು ಆ ಪ್ರಶ್ನೆಯಲ್ಲಿ. ನೀನು ಆರಿಸಿದ್ದಕ್ಕೆ ಕಾರಣವಿದೆ, ಅದನ್ನು ಕೇಳಲು ನನಗೆ ಮನಸ್ಸಿದೆ ಎಂದು ಅದು ಹೇಳುತ್ತದೆ.

ಕಲಿತದ್ದು ನಿಂತಿದೆಯೇ ಎಂದು ತಿಳಿಯಲು ಒಂದು ವಾರ ಬಿಟ್ಟು 2/5 + 1/3 ಕೊಟ್ಟೆ, ಪಟ್ಟಿಯಿಲ್ಲದೆ. ಮೊದಲು ಹಳೆಯ ಅಭ್ಯಾಸದಲ್ಲಿ 3/8 ಎಂದು ಬರೆದಳು. ಪೆನ್ಸಿಲ್ ಎತ್ತಿ ನೋಡಿ, ಇದು 2/5ಕ್ಕಿಂತ ಚಿಕ್ಕದಾಯಿತಲ್ಲ ಎಂದು ತಾನೇ ಅಳಿಸಿ 11/15 ಮಾಡಿದಳು. ಒಳಗಿನ ಎಣಿಕೆ ಬದಲಾಗುವುದಕ್ಕೆ ನನಗೆ ಗೊತ್ತಿರುವ ಗುರುತು ಆ ಅಳಿಸುವಿಕೆ.

ತರಗತಿಯ ಮಾತಿನಲ್ಲಿ ಬದಲಾವಣೆ ಬೇಕು ಎನ್ನುವವರು ‘ಇನ್ನೂ’ ಎಂಬ ಪದ ಸೇರಿಸಲು ಹೇಳುತ್ತಾರೆ. ಅದು ಇಂಗ್ಲಿಷಿಗೆ ಬೇಕಾದ ಊರುಗೋಲು. ಕನ್ನಡದ ಕ್ರಿಯಾಪದವೇ ಆ ಕೆಲಸ ಮಾಡುತ್ತದೆ. ‘ಲೆಕ್ಕ ಬರುವುದಿಲ್ಲ’ ಎಂದರೆ ಎಂದೆಂದಿನ ಮಾತು. ‘ಲೆಕ್ಕ ಬಂದಿಲ್ಲ’ ಎಂದರೆ ಇವತ್ತಿನವರೆಗಿನ ಲೆಕ್ಕ. ಮನೆಯಲ್ಲಿ ತುಳು ಆಡುವ ಮಕ್ಕಳಿಗೆ ‘ಬರ್ಪುಜಿ’ ಮತ್ತು ‘ಬೈದಿಜಿ’ ಇದೇ ವ್ಯತ್ಯಾಸ ಹೇಳುತ್ತವೆ. ಮಗು ‘ಬರುವುದಿಲ್ಲ’ ಎಂದಾಗ ‘ಬಂದಿಲ್ಲ’ ಎಂದು ತಿದ್ದಬಹುದು, ಆದರೆ ತಿದ್ದಿದವರು ಕೂಡಲೇ ‘ಯಾವುದು ಬಂದಿಲ್ಲ?’ ಎಂದು ಕೇಳಲೇಬೇಕು. ಆ ಎರಡನೆಯ ಪ್ರಶ್ನೆ ಇಲ್ಲದಿದ್ದರೆ ವ್ಯಾಕರಣ ಬದಲಾಯಿತು, ಮತ್ತೇನೂ ಬದಲಾಗಲಿಲ್ಲ.

ಇದರಿಂದ ಪವಾಡ ನಿರೀಕ್ಷಿಸುವವರಿಗೆ ಒಂದು ಅಳತೆ. 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಒಂಬತ್ತನೆಯ ತರಗತಿಯ ಸುಮಾರು 12,000 ಮಕ್ಕಳಿದ್ದರು. ಬುದ್ಧಿ ಬೆಳೆಯುತ್ತದೆ ಎಂಬುದನ್ನು ಒಂದು ಗಂಟೆಗೂ ಕಡಿಮೆ ಅವಧಿಯ ಪಾಠದಲ್ಲಿ ಕಂಪ್ಯೂಟರಿನಲ್ಲಿ ತಿಳಿಸಿದಾಗ, ಓದಿನಲ್ಲಿ ಹಿಂದುಳಿದವರ ಅಂಕಗಳ ಸರಾಸರಿ ನಾಲ್ಕು ಅಂಶಗಳ ಮಾಪಕದಲ್ಲಿ ಏರಿದ್ದು ಸುಮಾರು 0.1. ಸಣ್ಣದು, ಆದರೆ ಸುಳ್ಳಲ್ಲ. ಕಷ್ಟದ ಪ್ರಶ್ನೆಗೆ ಕೈಹಾಕುವುದನ್ನು ಗೆಳೆಯರೂ ಮೆಚ್ಚುವ ಶಾಲೆಗಳಲ್ಲಿ ಅದು ಹೆಚ್ಚು ಫಲ ಕೊಟ್ಟಿತು. ಮುಂದಿನ ವಿಶ್ಲೇಷಣೆಯಲ್ಲಿ, ಗಣಿತದಲ್ಲಿ ಅದು ಫಲಿಸಿದ್ದು ಟೀಚರ್‌ಗೇ ಆ ಎಣಿಕೆ ಇದ್ದ ತರಗತಿಗಳಲ್ಲಿ ಎಂದು ಕಂಡಿತು. ಹಾಗಾದರೆ ಗ್ರೇಡ್ ಕೊಡಲೇಬೇಕಿದ್ದರೆ ಮೊದಲು ಕೊಡಬೇಕಾದದ್ದು ಮಗುವಿಗಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಇಂಥ ಜಿಲ್ಲೆಗಳಲ್ಲಿ ಸ್ಥಾನ ಉಳಿಸಿಕೊಳ್ಳುವ ಒತ್ತಡ ಬೆಂಚುಗಳನ್ನು ಬೇಗ ಬೇರೆ ಮಾಡಿಸುತ್ತದೆ. ಬೇರೆಯಾದ ಬೆಂಚಿನ ಮೇಲೆ ಕೂತ ಮಗು ಗೋಡೆಯ ಚೀಟಿಯನ್ನು ನಂಬುವುದಿಲ್ಲ.

ಅಕ್ಕನ ಮಗ ಆ ಅಂಕಪಟ್ಟಿಯನ್ನು ಸಹಿ ಮಾಡಿ ಹಿಂದಿರುಗಿಸಬೇಕಿತ್ತು. ‘ಸಿ’ಯ ಪಕ್ಕದ ಖಾಲಿ ಜಾಗದಲ್ಲಿ ಬರೆಯಲು ನಾನು ಅವನಿಗೆ ಹೇಳಿಕೊಟ್ಟದ್ದು ಇಷ್ಟು: ‘ಭಿನ್ನರಾಶಿ ಕೂಡಿಸುವಾಗ ಛೇದಗಳನ್ನೂ ಕೂಡಿಸುತ್ತಿದ್ದಳು. ಈಗ ಉತ್ತರ ದೊಡ್ಡದಾಯಿತೋ ಚಿಕ್ಕದಾಯಿತೋ ಎಂದು ತಾನೇ ನೋಡಿ ತಿದ್ದಿಕೊಳ್ಳುತ್ತಾಳೆ. ಕಳೆಯುವುದು ಬಂದಿಲ್ಲ.’